ಬುಲ್ ಬುಲ್, ಪೋಲೆಂಡ್ ಮತ್ತು ದಿನೇಶ

ಕೇಳುಗರಿಗೆ ನಮಸ್ಕಾರ.

ಕುಂಬಳೆ ಸೀಮೆಯ ನಮ್ಮ ಮನೆಯಲ್ಲಿ ಮಕ್ಕಳು ಯಾರಾದರೂ ಮುನಿಸಿಕೊಂಡು ಮೂಲೆ ಹಿಡಿದರೆ ಅಜ್ಜಿ ಹತ್ತಿರ ಹೋಗಿ, ಗಲ್ಲ ಹಿಡಿದು ಕೇಳುತ್ತಿದ್ದದ್ದು ಒಂದೇ ಮಾತು: "ಏ ಬುಲ್ ಬುಲ್, ಮಾತಾಡಕಿಲ್ವಾ?" ಅಳುತ್ತಿದ್ದ ಮಗುವಿಗೂ ನಗೆ ತಡೆಯುತ್ತಿರಲಿಲ್ಲ. ಅಜ್ಜಿ ಥಿಯೇಟರಿಗೆ ಹೋದದ್ದು ಬಹಳ ಕಡಿಮೆ. ಈ ಮಾತು ಅವರಿಗೆ ಬಂದದ್ದು ಮಾವನ ಬಾಯಿಂದ.

ಅದು 1972ರ 'ನಾಗರಹಾವು' ಚಿತ್ರದ ಮಾತು ಎಂದು ನಿಮಗೆಲ್ಲ ಗೊತ್ತು. ಪುಟ್ಟಣ್ಣ ಕಣಗಾಲರ ಚಿತ್ರ. ಜಲೀಲನ ಪಾತ್ರದಲ್ಲಿ ಅಂಬರೀಷ್ ಮೊದಲ ಸಲ ತೆರೆಗೆ ಬಂದರು, ಆ ಒಂದು ಮಾತಿನಿಂದಲೇ ಜನರ ನೆನಪಿನಲ್ಲಿ ಉಳಿದರು. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ. "ಮಾತಾಡಕಿಲ್ವಾ" ನಮ್ಮ ಕಡೆಯ ಮಾತೇ ಅಲ್ಲ. ಬರಾಕಿಲ್ಲ, ಮಾಡಾಕಿಲ್ಲ ಎನ್ನುವುದು ಹಳೆ ಮೈಸೂರು ಸೀಮೆಯ ಹಳ್ಳಿಗಳ ರೀತಿ. ಕಾಸರಗೋಡಿನಲ್ಲಿ ನಾವು "ಎಂತ, ಮಾತಾಡುದಿಲ್ವಾ?" ಎನ್ನುತ್ತೇವೆ. ಮನೆಯೊಳಗೆ ಹವ್ಯಕ ಕನ್ನಡವೋ, ತುಳುವೋ, ಕೆಲವೆಡೆ ಮರಾಠಿಯೋ ಇರುತ್ತದೆ. ಅಜ್ಜಿ ತಮ್ಮ ಬದುಕಿನಲ್ಲಿ ಇನ್ಯಾವ ಕ್ರಿಯಾಪದಕ್ಕೂ "ಆಕಿಲ್ಲ" ಸೇರಿಸಿದವರಲ್ಲ. ಈ ಒಂದು ಮಾತಿಗೆ ಮಾತ್ರ ಸೇರಿಸುತ್ತಿದ್ದರು.

ಯಾಕೆ ಎಂದು ನಾನು ತುಂಬ ದಿನ ಯೋಚಿಸಿದ್ದೇನೆ. ಅದೇ ಅಜ್ಜಿ ಮನೆಮಾತಿನಲ್ಲಿ "ಯಾಕೆ ಮಾತಾಡುದಿಲ್ಲ ನೀನು?" ಎಂದು ಕೇಳಿದ್ದರೆ ಅದು ವಿಚಾರಣೆಯಾಗುತ್ತಿತ್ತು. ಮಗು ಉತ್ತರ ಕೊಡಬೇಕಾಗುತ್ತಿತ್ತು, ಯಾರು ಬೈದರು, ಯಾರು ಹೊಡೆದರು ಎಂದು ಹೇಳಬೇಕಾಗುತ್ತಿತ್ತು. ಘಟ್ಟದ ಮೇಲಿನ ಕನ್ನಡದಲ್ಲಿ, ಅಂಬರೀಷರ ಎಳೆತದಲ್ಲಿ ಕೇಳಿದ ಕೂಡಲೇ ಅದು ಅಜ್ಜಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಇದು ಆಟ, ಉತ್ತರ ಬೇಡ, ನಕ್ಕರೆ ಸಾಕು ಎಂದು ಆ ಪರಊರಿನ ಉಚ್ಚಾರವೇ ಹೇಳಿಬಿಡುತ್ತದೆ. ಹಾಗಾಗಿ ನಮ್ಮಲ್ಲಿ ಯಾರೂ ಅದನ್ನು "ಮಾತಾಡುದಿಲ್ವಾ" ಎಂದು ತಿದ್ದಿಕೊಳ್ಳಲಿಲ್ಲ. ತಿದ್ದಿದರೆ ತಮಾಷೆ ಹೋಗುತ್ತದೆ. ಬೇಕಿದ್ದರೆ ಇವತ್ತು ಮನೆಯಲ್ಲಿ ಹೇಳಿ ನೋಡಿ.

ಈ ಕೆಲಸ ಸಿನಿಮಾಕ್ಕಿಂತ ಮೊದಲು ಯಕ್ಷಗಾನ ಮಾಡುತ್ತಿತ್ತು. ಪಾರ್ತಿಸುಬ್ಬನ ಊರು ನಮ್ಮದು. ಹೊಸ ಅಂಗಿ ತೊಟ್ಟು ಯಾರಾದರೂ ಜಗಲಿ ಹತ್ತಿದರೆ "ಬಲ್ಲಿರೇನಯ್ಯಾ!" ಎಂದು ವೇಷದ ಗತ್ತಿನಲ್ಲಿ ಒಬ್ಬರು ಕೂಗುವುದು ಈಗಲೂ ಉಂಟು. ಅಲ್ಲಿಯೂ ಅಷ್ಟೇ, ಆಡುಮಾತಲ್ಲದ ಕನ್ನಡ ಬಂದರೆ ಕೀಟಲೆ ಶುರುವಾಯಿತೆಂದು ಅರ್ಥ.

ಆದರೆ ಗಡಿಯ ಈ ಕಡೆ ಇರುವ ನಮಗೆ ಇನ್ನೊಂದು ಮೂಲವೂ ಇದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆಮೇಲೆ ಹುಟ್ಟಿದ ಮಕ್ಕಳು ಬಸ್ಸಿನ ಬೋರ್ಡನ್ನೂ ಕಚೇರಿಯ ಅರ್ಜಿಯನ್ನೂ ಮಲಯಾಳದಲ್ಲಿ ನೋಡಿ ಬೆಳೆದರು. ಸಂಜೆ ಮಲಯಾಳ ಸಿನಿಮಾ ನೋಡಿದರು. ಅಲ್ಲಿನ ಮಾತುಗಳು ನಮ್ಮ ಕನ್ನಡದೊಳಗೆ ಬಂದು ಕುಳಿತ ಬಗೆ ಬುಲ್ ಬುಲ್‌ನ ಹಾಗಲ್ಲ.

1991ರ 'ಸಂದೇಶಂ' ಚಿತ್ರವನ್ನು ತೆಗೆದುಕೊಳ್ಳಿ. ಬರೆದದ್ದು ಶ್ರೀನಿವಾಸನ್, ನಿರ್ದೇಶನ ಸತ್ಯನ್ ಅಂತಿಕ್ಕಾಡರದು. ಒಂದೇ ಮನೆಯ ಅಣ್ಣತಮ್ಮಂದಿರು ಎರಡು ಪಕ್ಷ. ವಾದಕ್ಕೆ ಬಿದ್ದಾಗ ಒಬ್ಬನಿಗೆ ಉತ್ತರ ಸಿಗುವುದಿಲ್ಲ. ಆಗ ಅವನು ಸಿಟ್ಟಿನಿಂದ, ಪೋಲೆಂಡಿನ ಬಗ್ಗೆ ಒಂದಕ್ಷರ ಮಾತಾಡಬೇಡ ಎಂದು ಅಬ್ಬರಿಸುತ್ತಾನೆ. ಕೇರಳವಿಡೀ ಈ ಮಾತು ಗೊತ್ತು. ನಮ್ಮಲ್ಲಿ ಅದು ಹೇಗೆ ಸವೆಯಿತು ನೋಡಿ. ಮೊದಲು ಪೂರ್ತಿ ಮಲಯಾಳದಲ್ಲೇ ಹೇಳುತ್ತಿದ್ದರು. ಆಮೇಲೆ ಬಾಲ ಕನ್ನಡವಾಯಿತು: "ಪೋಲೆಂಡಿನ ವಿಷಯ ಮಾತಾಡ್ಬೇಡ ಮಾರಾಯ." ಈಗ ಒಂದೇ ಶಬ್ದ ಉಳಿದಿದೆ.

ಹೋದ ವರ್ಷ ನಮ್ಮ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದೆವು. ಭಾವ ಬಂದಿದ್ದರು. ಮಾತು ಅಡಿಕೆ ಧಾರಣೆಗೆ ಹೋಯಿತು. ಧಾರಣೆ ಇನ್ನೂ ಏರುತ್ತದೆ ಎಂದು ನಂಬಿ ಅವರು ಅಡಿಕೆ ಕೊಡದೆ ಇಟ್ಟುಕೊಂಡಿದ್ದರು. ಅಷ್ಟರಲ್ಲಿ ಧಾರಣೆ ಇಳಿದಿತ್ತು. ನನ್ನ ತಮ್ಮ ಅದನ್ನೇ ಕೆದಕಿದ. ಭಾವ ಮೊದಲು ಮಳೆಯ ಕಾರಣ ಹೇಳಿದರು, ಆಮೇಲೆ ಆಮದಿನ ಕಾರಣ ಹೇಳಿದರು, ಮೂರನೆಯದಕ್ಕೆ ದನಿ ಏರಿತು. ತಮ್ಮ ಮೆಟ್ಟುಕತ್ತಿಯಿಂದ ಕಣ್ಣೆತ್ತದೆ ಮೆಲ್ಲಗೆ, "ಪೋಲೆಂಡು" ಎಂದ. ಅಂಗಳವಿಡೀ ನಗೆ. ಭಾವನೂ ನಕ್ಕರು, ಮಾತು ನಾಳೆಯ ಪೂಜೆಗೆ ತಿರುಗಿತು.

ಆ ಒಂದು ಶಬ್ದದಲ್ಲಿ, ನೀವು ಸೋತಿದ್ದೀರಿ, ನಮಗೂ ಗೊತ್ತು, ನಿಮಗೂ ಗೊತ್ತು, ಇಲ್ಲಿಗೆ ಬಿಡುವ ಎಂಬಷ್ಟೂ ಇತ್ತು. ಅದನ್ನು ಬಿಡಿಸಿ ನೇರ ಹೇಳಿದ್ದರೆ ಭಾವ ಊಟ ಮಾಡದೆ ಹೊರಡುತ್ತಿದ್ದರೋ ಏನೋ. ತಮ್ಮ "ನೀವು" ಬಿಟ್ಟು "ನೀನು" ಎಂದಿರಲಿಲ್ಲ ಎಂಬುದನ್ನೂ ಗಮನಿಸಿ. ಒಂದೇ ಶಬ್ದಕ್ಕೆ ಇಳಿದ ಮಾತಿನಲ್ಲಿ ಏಕವಚನ, ಬಹುವಚನದ ತೊಡಕೇ ಇಲ್ಲ.

ಆ ತೊಡಕು ಇರುವ ಮಾತೂ ಉಂಟು. 2000ದ 'ನರಸಿಂಹಂ' ಚಿತ್ರದಲ್ಲಿ ಮೋಹನ್‌ಲಾಲ್ ಹೇಳುವ "ನೀ ಪೋ ಮೋನೇ ದಿನೇಶಾ." ಹೋಗಪ್ಪ ಮಗನೇ ದಿನೇಶ ಎಂದ ಹಾಗೆ. ಗೆಳೆಯ ಬಡಾಯಿ ಕೊಚ್ಚಿದರೆ ಕಾಸರಗೋಡಿನ ಕನ್ನಡದ ಹುಡುಗ ಇದನ್ನು ಮಲಯಾಳದಲ್ಲೇ ಎಸೆಯುತ್ತಾನೆ. ಎದುರಿನವನ ಹೆಸರು ಯಾವುದಾದರೂ ಇರಲಿ, ದಿನೇಶನೇ. ಆದರೆ ಇದರಲ್ಲಿ "ನೀ" ಇದೆ, "ಮೋನೇ" ಇದೆ. ಸಮಪ್ರಾಯದವರಿಗೆ ಸರಿ. ಹಿರಿಯರಿಗೆ ಹೇಳಿದರೆ ಮೋಹನ್‌ಲಾಲ್ ಮರೆಯಾಗಿ ಬರೀ ಏಕವಚನ ಕೇಳಿಸುತ್ತದೆ. ನಮ್ಮ ಸಂಬಂಧದ ಒಂದು ಮದುವೆಮನೆಯಲ್ಲಿ ಬೆಂಗಳೂರಿನಿಂದ ಬಂದ ಹಿರಿಯರೊಬ್ಬರಿಗೆ ಹುಡುಗನೊಬ್ಬ ಹೀಗೆ ಹೇಳಿದ. ಅವರು ಆ ಚಿತ್ರ ನೋಡಿದವರಲ್ಲ, ಮಲಯಾಳ ಬಾರದು. ಹುಡುಗ ತನ್ನನ್ನು ಅಣಕಿಸಿದ ಎಂದಷ್ಟೇ ತಿಳಿದರು, ಅದು ನಿಜವೂ ಹೌದು. ಕೀಟಲೆಗೆ ಇಬ್ಬರಿಗೂ ಗೊತ್ತಿರುವ ಚಿತ್ರ ಬೇಕು. ಇಲ್ಲದಿದ್ದರೆ ವಿವರಿಸಬೇಕಾಗುತ್ತದೆ, ವಿವರಿಸುವಷ್ಟರಲ್ಲಿ ಎದುರಿನವರ ಮುಖ ಕೆಂಪಾಗಿರುತ್ತದೆ.

ಬುಲ್ ಬುಲ್‌ಗೆ ಮತ್ತೆ ಬರುತ್ತೇನೆ, ಅದರ ಬಗ್ಗೆ ಒಂದು ಮಾತು ಬಾಕಿ ಇದೆ. ಚಿತ್ರದಲ್ಲಿ ಜಲೀಲ ಆ ಮಾತನ್ನು ಅಕ್ಕರೆಯಿಂದ ಹೇಳುವುದಲ್ಲ. ದಾರಿಯಲ್ಲಿ ಹೋಗುವ ಅಲಮೇಲುವನ್ನು ಪೀಡಿಸಲು ಹೇಳುತ್ತಾನೆ. ನಮ್ಮಜ್ಜಿಯ ಬಾಯಿಗೆ ಬರುವಷ್ಟರಲ್ಲಿ ಆ ವಿಷ ಇಳಿದಿತ್ತು. ಹೇಳುವವಳು ಅಜ್ಜಿ, ಕೇಳುವುದು ಮಗು, ನಡುವೆ ಗಲ್ಲ ಹಿಡಿದ ಕೈ. ನಾನು ಕಾಲೇಜಿಗೆ ಹೋಗುತ್ತಿದ್ದಾಗ ಬಸ್ ಸ್ಟ್ಯಾಂಡಿನಲ್ಲಿ ಹಿಂದಿನಿಂದ ಅದೇ ಮಾತು, ಅದೇ ಎಳೆತದಲ್ಲಿ ಕೇಳಿತು. ಅಜ್ಜಿ ಹೇಳಿದ್ದಕ್ಕಿಂತ ಒಂದಕ್ಷರವೂ ಬೇರೆ ಇರಲಿಲ್ಲ. ನಾನು ತಿರುಗಿ ನೋಡದೆ ಬಸ್ಸು ಹತ್ತಿದೆ. ಕೈ ನಡುಗುತ್ತಿತ್ತು.

ಮನೆಗೆ ಬಂದು ಮೂಲೆಯಲ್ಲಿ ಕುಳಿತೆ. ಅಜ್ಜಿ ಹತ್ತಿರ ಬಂದರು, ಬಾಯಿ ತೆರೆದರು, ನನ್ನ ಮುಖ ನೋಡಿ ಆ ಮಾತು ನುಂಗಿಕೊಂಡರು. ಆಮೇಲೆ ಮನೆಮಾತಿನಲ್ಲೇ ಕೇಳಿದರು, ಏನಾಯಿತು ಎಂದು.