ಟರ್ನರ್ ಶುರುವಾಗಿದ್ದು 1796ರಲ್ಲಲ್ಲ

ಎಲ್ಲರಿಗೂ ನಮಸ್ಕಾರ. ಇವತ್ತು ಇಂಗ್ಲೆಂಡಿನ ಚಿತ್ರಕಾರ ಟರ್ನರ್ ಬಗ್ಗೆ ಮಾತಾಡೋಣ. ಪೂರ್ತಿ ಹೆಸರು ಜೋಸೆಫ್ ಮ್ಯಾಲರ್ಡ್ ವಿಲಿಯಂ ಟರ್ನರ್. ಅವನ ಕೊನೆಗಾಲದ ಚಿತ್ರಗಳನ್ನು ನೀವು ಎಲ್ಲಾದರೂ ನೋಡಿರುತ್ತೀರಿ. ಮಂಜು, ಹೊಗೆ, ಬಿಸಿಲು, ಅದರೊಳಗೆ ಅರ್ಧ ಕರಗಿದ ಹಡಗು. ಇವತ್ತು ನನಗೆ ಆ ಟರ್ನರ್ ಬೇಡ. ಅದಕ್ಕಿಂತ ಬಹಳ ಮುಂಚಿನ ಹುಡುಗ ಬೇಕು. 12 ವರ್ಷದಿಂದ 21 ವರ್ಷದವರೆಗಿನ ಹುಡುಗ.

ಯಾಕೆ ಅಂದರೆ, ಟರ್ನರ್ ಕಥೆಯನ್ನು 1796ರಿಂದ ಶುರು ಮಾಡುವ ಒಂದು ಅಭ್ಯಾಸ ಇದೆ. ಆ ವರ್ಷ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಅವನ ಮೊದಲ ತೈಲಚಿತ್ರ ಪ್ರದರ್ಶನಕ್ಕೆ ಬಂತು. ಸಮುದ್ರ, ಬೆಳದಿಂಗಳು, ಮೀನುಗಾರರ ದೋಣಿ. ಒಳ್ಳೆಯ ಚಿತ್ರವೇ, ಅನುಮಾನ ಇಲ್ಲ. ಆದರೆ ಅಲ್ಲಿಂದ ಶುರು ಮಾಡಿದರೆ ಅವನು ಕಲಿತ ಕಾಲವೇ ಕಥೆಯಿಂದ ಬಿದ್ದುಹೋಗುತ್ತದೆ. ನನ್ನ ತಕರಾರು ಇರುವುದು ಅಲ್ಲೇ.

ಮೊದಲು ಹುಟ್ಟಿನಿಂದ ಬರೋಣ. ತಾನು ಹುಟ್ಟಿದ್ದು 1775ರ ಏಪ್ರಿಲ್ 23 ಅಂತ ಟರ್ನರ್ ಹೇಳಿಕೊಳ್ಳುತ್ತಿದ್ದ. ಇಂಗ್ಲೆಂಡಿಗೆ ಅದು ದೊಡ್ಡ ದಿನ, ಸೇಂಟ್ ಜಾರ್ಜ್ ಹಬ್ಬ. ಶೇಕ್ಸ್‌ಪಿಯರ್ ಹುಟ್ಟಿದ ದಿನ ಅಂತಲೂ ಆಚರಿಸುತ್ತಾರೆ. ಆದರೆ ಕಾಗದದಲ್ಲಿ ಸಿಗುವುದು ಬೇರೆ ದಿನಾಂಕ. ಲಂಡನ್ನಿನ ಕೋವೆಂಟ್ ಗಾರ್ಡನ್ ಚರ್ಚಿನಲ್ಲಿ ಮೇ 14ರಂದು ಅವನಿಗೆ ದೀಕ್ಷಾಸ್ನಾನ ಆದ ದಾಖಲೆ ಇದೆ. ಕಲಾವಿದರು ತಮ್ಮ ಬಗ್ಗೆ ತಾವೇ ಹೇಳಿಕೊಂಡಿದ್ದು ಒಂದು ಕಡೆ, ಪುಸ್ತಕದಲ್ಲಿ ದಾಖಲಾಗಿದ್ದು ಇನ್ನೊಂದು ಕಡೆ. ಎರಡನ್ನೂ ಬೇರೆ ಬೇರೆ ಇಟ್ಟುಕೊಂಡೇ ಮುಂದೆ ಹೋಗಬೇಕು.

ಅಪ್ಪ ಕ್ಷೌರಿಕ. ಕೂದಲಿನ ಟೋಪನ್ ಕೂಡ ಮಾಡುತ್ತಿದ್ದ. ಮೇಡನ್ ಲೇನ್ ಅನ್ನುವ ಬೀದಿಯಲ್ಲಿ ಅಂಗಡಿ. ಮಗ ಬರೆದ ಚಿತ್ರಗಳನ್ನು ಅಪ್ಪ ಅಂಗಡಿಯಲ್ಲಿ ನೇತುಹಾಕಿ ಕೆಲವು ಶಿಲ್ಲಿಂಗಿಗೆ ಮಾರುತ್ತಿದ್ದ ಅಂತ ಹಳೆಯ ಜೀವನಚರಿತ್ರೆಗಳು ಹೇಳುತ್ತವೆ. ಇದನ್ನೇ ಟರ್ನರ್‌ನ ಮೊದಲ ಪ್ರದರ್ಶನ ಅನ್ನುವವರೂ ಇದ್ದಾರೆ. ಕೇಳೋಕೆ ಚೆನ್ನಾಗಿದೆ, ಆದರೆ ನಾನು ಒಪ್ಪುವುದಿಲ್ಲ. ಅದಕ್ಕೆ ದಿನಾಂಕ ಇಲ್ಲ, ಪಟ್ಟಿ ಇಲ್ಲ, ಯಾವ ಚಿತ್ರ ಯಾರಿಗೆ ಹೋಯಿತು ಅನ್ನುವ ಲೆಕ್ಕ ಇಲ್ಲ. ಅದು ಅಪ್ಪನ ಪ್ರೀತಿಯ ಕಥೆ. ಹಾಗೇ ಇರಲಿ.

ಸುಮಾರು 10 ವರ್ಷದವನಿದ್ದಾಗ ಅವನನ್ನು ಬ್ರೆಂಟ್‌ಫರ್ಡ್ ಊರಿನಲ್ಲಿದ್ದ ಸೋದರಮಾವನ ಮನೆಗೆ ಕಳಿಸಿದರು. ಅಲ್ಲಿ ಹುಡುಗನಿಗೆ ಒಂದು ಕೆಲಸ ಸಿಕ್ಕಿತು. ಕಪ್ಪು ಬಿಳುಪಿನ ಅಚ್ಚುಚಿತ್ರಗಳಿದ್ದ ಪುಸ್ತಕಕ್ಕೆ ಬಣ್ಣ ತುಂಬುವ ಕೆಲಸ. ಇಂಗ್ಲೆಂಡಿನ ಹಳೇ ಕೋಟೆ, ಪಾಳುಬಿದ್ದ ಮಠಗಳ ಚಿತ್ರಗಳು. ಒಂದೊಂದು ಹಾಳೆಗೆ ಇಷ್ಟು ಅಂತ ದುಡ್ಡು. ಅಂದರೆ ಅವನು ಬ್ರಷ್ ಹಿಡಿದದ್ದು ತಾನು ಕಣ್ಣಾರೆ ನೋಡದ ಜಾಗಗಳಿಗೆ, ಬೇರೆಯವರು ಎಳೆದ ಗೆರೆಗಳ ಮೇಲೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇನ್ನು ಉಳಿದಿರುವ ಮೊದಲ ಚಿತ್ರಗಳಿಗೆ ಬರೋಣ. ಲಂಡನ್ನಿನ ಟೇಟ್ ಸಂಗ್ರಹದಲ್ಲಿ ಆಕ್ಸ್‌ಫರ್ಡಿನ ಫಾಲಿ ಸೇತುವೆಯ ಒಂದು ಜಲವರ್ಣ ಇದೆ. ಕೆಳಗೆ ಅವನೇ ಸಹಿ ಹಾಕಿದ್ದಾನೆ, 1787 ಅಂತ ವರ್ಷವನ್ನೂ ಬರೆದಿದ್ದಾನೆ. ಅವನಿಗಾಗ 12 ವರ್ಷ. ನದಿ, ಸೇತುವೆ, ಅದರ ಮೇಲೆ ಹಳೇ ಗೋಪುರ. ಆದರೆ ಹುಡುಗ ಸೇತುವೆ ಮುಂದೆ ಕೂತು ಬರೆದದ್ದಲ್ಲ ಇದು. ಮೈಕೆಲ್ ಆ್ಯಂಜೆಲೊ ರೂಕರ್ ಅನ್ನುವ ಚಿತ್ರಕಾರ ಆಕ್ಸ್‌ಫರ್ಡ್ ಪಂಚಾಂಗಕ್ಕಾಗಿ ಮಾಡಿದ್ದ ಚಿತ್ರ, ಅದರ ಅಚ್ಚನ್ನು ಎದುರಿಗಿಟ್ಟುಕೊಂಡು ಮಾಡಿದ ನಕಲು. ಅಚ್ಚಿನಲ್ಲಿ ಬಣ್ಣ ಇರಲಿಲ್ಲ. ಗೆರೆ ರೂಕರನದು, ಬಣ್ಣ ಟರ್ನರನದು.

ನಕಲು ಅಂದ ತಕ್ಷಣ ಕೆಲವರು ಮುಖ ತಿರುಗಿಸುತ್ತಾರೆ. ಮೊದಲ ಸ್ವಂತ ಚಿತ್ರ ಯಾವುದು ಅಂತ ಕೇಳುತ್ತಾರೆ. ಆದರೆ ಆ ಕಾಲದ ಕಲಿಕೆ ಇದ್ದದ್ದೇ ಹಾಗೆ. ಗುರುವಿನ ಕೈಯನ್ನು ಮೊದಲು ನಿನ್ನ ಕೈಗೆ ತಂದುಕೊ, ಆಮೇಲೆ ಹೊರಗೆ ಹೋಗು. 1789ರಲ್ಲಿ ಹುಡುಗ ನಿಜವಾಗಲೂ ಆಕ್ಸ್‌ಫರ್ಡ್ ಕಡೆಗೆ ಹೋದ. ಸೋದರಮಾವ ಅಷ್ಟರಲ್ಲಿ ಹತ್ತಿರದ ಸನಿಂಗ್‌ವೆಲ್ ಹಳ್ಳಿಗೆ ಬಂದು ನೆಲೆಸಿದ್ದ. ಆಗಿನ ಒಂದು ರೇಖಾಪುಸ್ತಕ ಇಂದಿಗೂ ಇದೆ. ಎದುರಿಗಿರುವ ಕಟ್ಟಡ ನೋಡಿ ಎಳೆದ ಗೆರೆಗಳು ಅದರಲ್ಲಿವೆ. ನಕಲಿನಿಂದ ನೋಟಕ್ಕೆ ಬರಲು ಅವನಿಗೆ ಹಿಡಿದದ್ದು ಎರಡೇ ವರ್ಷ.

ಇಷ್ಟೆಲ್ಲ ಹೇಗೆ ಉಳಿಯಿತು ಅಂತ ಕೇಳಬಹುದು. ಟರ್ನರ್ ಏನನ್ನೂ ಬಿಸಾಡಲಿಲ್ಲ, ಅದಕ್ಕೆ. 1851ರಲ್ಲಿ ಅವನು ತೀರಿಕೊಂಡಾಗ ಮನೆಯಲ್ಲಿದ್ದ ಸಾವಿರಾರು ಹಾಳೆಗಳು ದೇಶದ ಆಸ್ತಿಯಾದವು. ಹಾಗಾಗಿ ‘ಉಳಿದಿರುವ ಮೊದಲ ಚಿತ್ರ’ ಅಂದರೆ ಅವನು ಬರೆದ ಮೊದಲ ಚಿತ್ರ ಅಂತ ಅರ್ಥ ಮಾಡಿಕೊಳ್ಳಬಾರದು. ಅಪ್ಪ ಮಾರಿಬಿಟ್ಟದ್ದು ಅದರಲ್ಲಿ ಇರಲ್ಲ ಅಲ್ವಾ?

ಈಗ ಗುರು ಯಾರು ಅನ್ನುವ ಪ್ರಶ್ನೆ. ಅಲ್ಲಿ ಆಗ ಶಿಷ್ಯವೃತ್ತಿ ಅಂದರೆ ಕರಾರು ಪತ್ರ. ಇಷ್ಟು ವರ್ಷ ಇಂಥ ಗುರುವಿನ ಹತ್ತಿರ ಕೆಲಸ ಮಾಡುತ್ತೇನೆ ಅಂತ ಬರೆದುಕೊಡಬೇಕು. ಟರ್ನರ್ ವಯಸ್ಸಿನವನೇ ಆದ ಥಾಮಸ್ ಗರ್ಟಿನ್ ಹೀಗೆಯೇ ಎಡ್ವರ್ಡ್ ಡೇಯ್ಸ್ ಅನ್ನುವ ಚಿತ್ರಕಾರನ ಕೈಕೆಳಗೆ ಸೇರಿದ್ದ. ಟರ್ನರ್ ಕಲಿತದ್ದು ಬೇರೆ ರೀತಿ. ಥಾಮಸ್ ಮಾಲ್ಟನ್ ಅನ್ನುವವನ ಹತ್ತಿರ ಪಾಠಕ್ಕೆ ಹೋದ. ಮಾಲ್ಟನ್ ಲಂಡನ್ನಿನ ಬೀದಿಗಳನ್ನೂ ಕಟ್ಟಡಗಳನ್ನೂ ಬರೆಯುವುದರಲ್ಲಿ ಪಳಗಿದವನು. ಮೂಲೆಯಲ್ಲಿ ನಿಂತಾಗ ಗೋಡೆ ಯಾವ ಕೋನದಲ್ಲಿ ಹಿಂದೆ ಸರಿಯುತ್ತದೆ, ಸಾಲು ಕಿಟಕಿಗಳು ದೂರ ಹೋದಂತೆ ಎಷ್ಟು ಚಿಕ್ಕದಾಗುತ್ತವೆ, ನೆರಳು ಯಾವ ಗೆರೆಯಲ್ಲಿ ಬೀಳುತ್ತದೆ, ಇಂಥ ಪಾಠ. ಮುಂದೆ ದೊಡ್ಡವನಾದ ಮೇಲೆ ಟರ್ನರ್ ಮಾಲ್ಟನ್ನನನ್ನೇ ತನ್ನ ನಿಜವಾದ ಗುರು ಅಂದ. ಮಂಜಿನ ಚಿತ್ರಕಾರನ ಗುರು, ಅಳತೆಪಟ್ಟಿ ಹಿಡಿದವನು. ನನಗೆ ಇದು ತುಂಬಾ ಇಷ್ಟವಾದ ಸಂಗತಿ.

1789ರ ಡಿಸೆಂಬರ್ 11ರಂದು, 14ನೇ ವಯಸ್ಸಿನಲ್ಲಿ, ರಾಯಲ್ ಅಕಾಡೆಮಿಯ ಶಾಲೆಗೆ ಸೇರಿದ. ಅಲ್ಲಿ ಮೊದಲು ಗ್ರೀಕ್, ರೋಮನ್ ಶಿಲ್ಪಗಳ ಪ್ಲಾಸ್ಟರ್ ಅಚ್ಚುಗಳನ್ನು ನೋಡಿ ಬರೆಯಬೇಕು. ಅದರಲ್ಲಿ ಪಳಗಿದ ಮೇಲೆ ಜೀವಂತ ಮಾಡೆಲ್. ಒಂದು ಮುಖ್ಯ ವಿಷಯ ಏನೆಂದರೆ, ಆ ಶಾಲೆಯಲ್ಲಿ ಆಗ ತೈಲವರ್ಣ ಕಲಿಸುತ್ತಲೇ ಇರಲಿಲ್ಲ. ಬರೀ ರೇಖಾಚಿತ್ರ. ಜಲವರ್ಣ ಅವನು ಹೊರಗೆ ಕಲಿತದ್ದು, ತೈಲವನ್ನೂ ಹೊರಗೇ ಕಲಿಯಬೇಕಾಯಿತು. 1796ರವರೆಗೆ ತೈಲಚಿತ್ರ ಯಾಕೆ ಕಾಣಿಸಲಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

ಶಾಲೆಗೆ ಸೇರಿದ ಕೆಲವೇ ತಿಂಗಳಲ್ಲಿ, 1790ರ ಅಕಾಡೆಮಿ ಪ್ರದರ್ಶನದಲ್ಲಿ, ಅವನ ಒಂದು ಜಲವರ್ಣ ಗೋಡೆಗೇರಿತು. ಹೆಸರು ‘ಆರ್ಚ್‌ಬಿಷಪ್ ಅರಮನೆ, ಲ್ಯಾಂಬೆತ್’. ವಯಸ್ಸು 15. ಇದಕ್ಕೆ ಮುದ್ರಿತ ಕ್ಯಾಟಲಾಗ್ ಸಾಕ್ಷಿ ಇದೆ. ಚಿತ್ರವೂ ಉಳಿದಿದೆ, ಅಮೆರಿಕದ ಇಂಡಿಯಾನಾಪೊಲಿಸ್ ಮ್ಯೂಸಿಯಂನಲ್ಲಿದೆ.

ಆ ಚಿತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹೆಸರಿನಲ್ಲಿ ಅರಮನೆ ಇದೆ, ಆದರೆ ಅರಮನೆ ಹಿಂದೆ ಸರಿದಿದೆ. ಮುಂದೆ ಇರುವುದು ಸಾಮಾನ್ಯ ಬೀದಿ, ಒಂದು ತಂಗುಮನೆಯ ಕಟ್ಟಡ, ಓಡಾಡುವ ಜನ. ಕಟ್ಟಡಗಳು ನೇರ ಎದುರಿಗಿಲ್ಲ, ಬೇರೆ ಬೇರೆ ಕೋನದಲ್ಲಿ ತಿರುಗಿವೆ. ಪ್ರತಿ ಗೋಡೆಯ ಗೆರೆಯೂ ಬೇರೆ ದಿಕ್ಕಿಗೆ ಓಡಬೇಕು. ಮಾಲ್ಟನ್ ಪಾಠವನ್ನು ತಾನೇ ತನಗೆ ಕಷ್ಟ ಮಾಡಿಕೊಂಡು ಒಪ್ಪಿಸಿದ ಹಾಗಿದೆ. ಅದರ ಮೇಲೆ ಬಿಸಿಲು ಬೇರೆ. ಒಂದು ಗೋಡೆ ಬೆಳಕಿನಲ್ಲಿ, ಪಕ್ಕದ್ದು ನೆರಳಿನಲ್ಲಿ. ಮುಂದಿನ ಟರ್ನರ್ ಆಗಲೇ ಇಲ್ಲಿದ್ದಾನೆ ಅಂತ ನಾನು ಹೇಳಲ್ಲ. ಪಾಠ ಕಲಿತ ಕೈ ಇದೆ, ಅಷ್ಟೇ ಸಾಕು.

ಎರಡು ವರ್ಷ ಕಳೆಯಲಿ. 1792ರ ಜನವರಿಯಲ್ಲಿ ಲಂಡನ್ನಿನ ಪ್ಯಾಂಥಿಯನ್ ರಂಗಮಂದಿರ ಸುಟ್ಟುಹೋಯಿತು. ಮಾರನೇ ಬೆಳಗಿನ ದೃಶ್ಯವನ್ನು ಬರೆದು ಅದೇ ವರ್ಷ ಪ್ರದರ್ಶನಕ್ಕಿಟ್ಟ. ಬೆಂಕಿ ಆರಿಸಲು ಹೊಡೆದ ನೀರು ಚಳಿಗೆ ಹೆಪ್ಪುಗಟ್ಟಿ ಗೋಡೆಯಿಂದ ಮಂಜಿನ ಕೋಲುಗಳಾಗಿ ಇಳಿಬಿದ್ದಿದೆ. ಕಟ್ಟಡದ ಲೆಕ್ಕ ಮಾಲ್ಟನ್ನನದೇ. ಆದರೆ ಸುಟ್ಟ ಕಟ್ಟಡದ ಮೇಲೆ ಹಿಮ ನೇತಾಡುವುದನ್ನು ಕಂಡು, ಬರೆಯಬೇಕಾದ್ದು ಇದೇ ಅಂತ ಆರಿಸಿದವನು ಟರ್ನರ್.

ಇಲ್ಲಿಂದ ಮುಂದೆ ಚಿತ್ರ ಯಾರದು ಅಂತ ಗುರುತಿಸುವುದು ಕಷ್ಟವಾಗುತ್ತದೆ. 1794ರ ಸುಮಾರಿಗೆ ಟರ್ನರ್ ಮತ್ತು ಗರ್ಟಿನ್ ಇಬ್ಬರೂ ಚಿತ್ರ ಸಂಗ್ರಹಿಸುತ್ತಿದ್ದ ಡಾಕ್ಟರ್ ಥಾಮಸ್ ಮನ್ರೊ ಮನೆಗೆ ಸಂಜೆ ಹೋಗುತ್ತಿದ್ದರು. ಆರಕ್ಕೆ ಹೋದರೆ ಹತ್ತರವರೆಗೆ ಕೆಲಸ. ಜಾನ್ ರಾಬರ್ಟ್ ಕಝೆನ್ಸ್ ಮುಂತಾದವರ ಅರೆಬರೆ ಚಿತ್ರಗಳನ್ನು ನಕಲು ಮಾಡುವುದು. ಗೆರೆ ಗರ್ಟಿನ್ ಎಳೆಯುತ್ತಿದ್ದ, ವಾಶ್, ಅಂದರೆ ನೀರು ಬೆರೆಸಿದ ತೆಳು ಬಣ್ಣದ ಪದರ, ಟರ್ನರ್ ಕೊಡುತ್ತಿದ್ದ. ಟರ್ನರ್‌ಗೆ ಒಂದು ಸಂಜೆಗೆ ಮೂರೂವರೆ ಶಿಲ್ಲಿಂಗ್. ಇದನ್ನು ಜೋಸೆಫ್ ಫ್ಯಾರಿಂಗ್ಟನ್ ಅನ್ನುವ ಚಿತ್ರಕಾರ 1798ರಲ್ಲಿ ಅವರಿಂದಲೇ ಕೇಳಿ ದಿನಚರಿಯಲ್ಲಿ ಬರೆದಿಟ್ಟ. ಒಂದೇ ಹಾಳೆಯಲ್ಲಿ ಎರಡು ಕೈ, ಮೂಲ ಮೂರನೆಯವನದು. ‘ಟರ್ನರ್‌ನ ಆರಂಭದ ಚಿತ್ರ’ ಅಂತ ಇಂಥ ಹಾಳೆ ಎದುರಿಗೆ ಬಂದರೆ ಪೆನ್ಸಿಲ್ ಗೆರೆಯನ್ನೂ ವಾಶ್ ಅನ್ನೂ ಬೇರೆ ಬೇರೆಯಾಗಿ ನೋಡಬೇಕು. ಸಹಿ ಇಲ್ಲದಿದ್ದರೆ ಇನ್ನೂ ಜಾಸ್ತಿ ಹುಷಾರಾಗಿರಬೇಕು.

ಈ ವಾಶ್ ಕೆಲಸ ಸಣ್ಣದಲ್ಲ. ಬೇರೆಯವರ ಗೆರೆಗೆ ಬೆಳಕು ತುಂಬುವುದೇ ಅವನ ಕಸುಬಾಯಿತು. 1796ರ ಸಮುದ್ರಚಿತ್ರದಲ್ಲಿ ಎರಡು ಬೆಳಕಿವೆ. ಮೋಡದ ಸಂದಿಯಿಂದ ತಣ್ಣನೆ ಬೆಳದಿಂಗಳು, ದೋಣಿಯೊಳಗೆ ಲಾಂದ್ರದ ಬಿಸಿ ಬೆಳಕು. ಮೊದಲ ತೈಲಚಿತ್ರದಲ್ಲೇ ಇಷ್ಟು ಹದ ಎಲ್ಲಿಂದ ಬಂತು ಅಂದರೆ, ಹಿಂದಿನ ಹತ್ತು ವರ್ಷದ ಜಲವರ್ಣದಿಂದ ಬಂತು.

ನಮ್ಮ ಕಡೆಗೂ ಇದರ ಒಂದು ಎಳೆ ಬರುತ್ತದೆ. 1799ರಲ್ಲಿ ಟಿಪ್ಪು ಸತ್ತು ಶ್ರೀರಂಗಪಟ್ಟಣ ಬಿದ್ದ ಸುದ್ದಿ ಲಂಡನ್ನನ್ನು ತುಂಬಿಕೊಂಡಿತ್ತು. ಸುಮಾರು 1800ರಲ್ಲಿ ಟರ್ನರ್ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಜಲವರ್ಣದಲ್ಲಿ ಬರೆದ. ಟೇಟ್‌ನಲ್ಲಿ ಅದು ಇದೆ. ಅವನು ಭಾರತಕ್ಕೆ ಬಂದವನೇ ಅಲ್ಲ. ಕಾವೇರಿ ನೋಡದೆ, ಬೇರೆಯವರ ಮಾಹಿತಿ ಇಟ್ಟುಕೊಂಡೇ ಬರೆದ. ಬ್ರೆಂಟ್‌ಫರ್ಡಿನಲ್ಲಿ ಹುಡುಗನಾಗಿದ್ದಾಗ ಮಾಡಿದ ಕೆಲಸವೇ ಇದು, ಅಳತೆ ದೊಡ್ಡದಾಗಿದೆ ಅಷ್ಟೆ. ಹಾಗಾಗಿ ನಾವು ಆ ಚಿತ್ರವನ್ನು ಕಂಡವನ ಸಾಕ್ಷಿ ಅಂತ ಓದಬಾರದು. ಕೋಟೆಯ ಗೋಡೆ ಹೀಗೇ ಇತ್ತು ಅಂತ ಅದನ್ನು ತೋರಿಸಿ ವಾದ ಮಾಡುವುದೂ ಸರಿಯಲ್ಲ.

ಈಗ ದಿನಾಂಕದ ಜಗಳ ತೀರಿಸೋಣ. ಮೊದಲ ಪ್ರದರ್ಶನ ಅಂದರೆ ಮೂರು ಉತ್ತರ ಸಿಗುತ್ತವೆ. 1790, ಜಲವರ್ಣ. 1796, ತೈಲ. 1804, ತನ್ನದೇ ಗ್ಯಾಲರಿ ಕಟ್ಟಿಸಿ ತನ್ನ ಚಿತ್ರಗಳನ್ನೇ ಇಟ್ಟದ್ದು. ಮೂರೂ ನಿಜ, ಬೇರೆ ಬೇರೆ ಪ್ರಶ್ನೆಗೆ ಉತ್ತರಗಳು. ಆದರೆ ಯಾವ ವಿಶೇಷಣವೂ ಇಲ್ಲದೆ ಸುಮ್ನೆ ‘ಮೊದಲ ಪ್ರದರ್ಶನ’ ಅಂತ ಬರೆಯುವುದಾದರೆ 1790 ಅಂತಲೇ ಬರೆಯಬೇಕು. 1796 ಅಂತ ಬರೆಯುವವರು ಪಕ್ಕದಲ್ಲಿ ‘ತೈಲಚಿತ್ರ’ ಅಂತ ಸೇರಿಸಲಿ. ಅದನ್ನು ಬಿಟ್ಟರೆ ಜಲವರ್ಣ ಲೆಕ್ಕಕ್ಕಿಲ್ಲ ಅಂದಂತಾಗುತ್ತದೆ. ಟರ್ನರ್ ವಿಷಯದಲ್ಲಂತೂ ಆ ಮಾತು ನಿಲ್ಲುವುದೇ ಇಲ್ಲ.