ನೂರು ಜನಕ್ಕೆ ಅಡುಗೆ: ಬರೀ ಗುಣಿಸಿದ್ರೆ ಯಾಕೆ ಕೆಡುತ್ತೆ?

ಕೇಳುಗರಿಗೆಲ್ಲ ನಮಸ್ಕಾರ.

ಮನೇಲಿ 4 ಜನಕ್ಕೆ ಚೆನ್ನಾಗಿ ಬರೋ ಅಡುಗೆನ 100 ಜನಕ್ಕೆ ಮಾಡ್ಬೇಕು ಅಂದಾಗ ಎಲ್ಲರಿಗೂ ಮೊದಲು ಹೊಳೆಯೋದು ಎಲ್ಲಾನೂ 25ರಿಂದ ಗುಣಿಸಿಬಿಡೋಣ ಅಂತ. ಬೇಳೆ, ತರಕಾರಿಗೆ ಈ ಲೆಕ್ಕ ಸರಿಯಾಗೇ ನಡೆಯುತ್ತೆ. ಕೆಡೋದು ನೀರು, ಉಪ್ಪು, ಮಸಾಲೆ, ಎಣ್ಣೆ ಮತ್ತೆ ಬೇಯಿಸೋ ಟೈಮಲ್ಲಿ. ಇವತ್ತು ಒಂದೇ ಒಂದು ಅಡುಗೆ ಇಟ್ಕೊಂಡು ನೋಡೋಣ, ಮಸೂರ್ ಬೇಳೆ ಸೂಪ್.

ಮನೆ ಅಳತೆ ಹೀಗಿದೆ ಅಂತ ಇಟ್ಕೊಳ್ಳಿ: ಬೇಳೆ 200 ಗ್ರಾಂ, ಈರುಳ್ಳಿ 100 ಗ್ರಾಂ, ನೀರು ಹತ್ತಿರ ಹತ್ತಿರ 1 ಲೀಟರ್, ಸ್ವಲ್ಪ ಟೊಮೆಟೊ, ಎಣ್ಣೆ, ಎಲ್ಲಾ ಸೇರಿ ಪಾತ್ರೆಗೆ ಹೋಗೋದು 1.4 ಕೆಜಿ. ಕುದ್ದು ಹದಕ್ಕೆ ಬಂದಾಗ ಉಳಿಯೋದು 1 ಕೆಜಿ. ಅಂದ್ರೆ 400 ಗ್ರಾಂ ನೀರು ಆವಿಯಾಗಿ ಹೋಗಿದೆ. ಈ 400 ಗ್ರಾಂನ ಯಾವ ರೆಸಿಪಿಯಲ್ಲೂ ಬರೆದಿರಲ್ಲ, ಆದ್ರೆ ಉಪ್ಪಿನ ಅಳತೆ ನಿಂತಿರೋದೇ ಅದರ ಮೇಲೆ.

ಈಗ 25ರಿಂದ ಗುಣಿಸಿದ್ವಿ, 35 ಕೆಜಿ ಆಯ್ತು. ನಮ್ಮ ನಿರೀಕ್ಷೆ 10 ಕೆಜಿ ನೀರು ಆವಿಯಾಗಿ 25 ಕೆಜಿ ಸೂಪ್ ಉಳಿಯುತ್ತೆ ಅಂತ. ಆದ್ರೆ ಆವಿ ಏಳೋದು ಮೇಲ್ಮೈಯಿಂದ ಮಾತ್ರ ಅಲ್ವಾ. ಮನೆ ಪಾತ್ರೆ 20 ಸೆಂಟಿಮೀಟರ್ ಅಗಲ, ದೊಡ್ಡ ಪಾತ್ರೆ 50 ಸೆಂಟಿಮೀಟರ್ ಅಗಲ ಅಂದ್ರೆ ಬಾಯಿಯ ವಿಸ್ತಾರ ಸುಮಾರು 6 ಪಟ್ಟು ಆಗುತ್ತೆ ಅಷ್ಟೇ, 25 ಪಟ್ಟು ಆಗಲ್ಲ. ಅಷ್ಟೇ ಹೊತ್ತು ಅದೇ ಥರ ಕುದಿಸಿದ್ರೆ ಹೋಗೋ ನೀರು ಎರಡೂವರೆ ಕೆಜಿ ಆಸುಪಾಸು. ಪಾತ್ರೆಯಲ್ಲಿ ಇನ್ನೂ ಮೂವತ್ತೆರಡೂವರೆ ಕೆಜಿ ಇರುತ್ತೆ, ನೀರು ನೀರಾಗಿ.

ಉಪ್ಪಿನ ಕಥೆ ಇಲ್ಲಿಂದ ಶುರು. ಮನೇಲಿ 1 ಕೆಜಿ ಸೂಪಿಗೆ 9 ಗ್ರಾಂ ಉಪ್ಪು ಹಾಕ್ತಿದ್ವಿ, ಅಂದ್ರೆ ನೂರಕ್ಕೆ 0.9 ಭಾಗ. ಗುಣಿಸಿದ್ರೆ 225 ಗ್ರಾಂ, ಅದನ್ನ ಮೊದಲೇ ಹಾಕಿಬಿಟ್ವಿ. ಮೂವತ್ತೆರಡೂವರೆ ಕೆಜಿಯಲ್ಲಿ ಅದು ನೂರಕ್ಕೆ 0.7ಕ್ಕೆ ಇಳಿಯುತ್ತೆ, ರುಚಿ ನೋಡಿದವರು ಸಪ್ಪೆ ಸಪ್ಪೆ ಅಂತಾರೆ, ಇನ್ನೊಂದು 70 ಗ್ರಾಂ ಬೀಳುತ್ತೆ, ಆಗ ರುಚಿ ಸರಿಹೋಯ್ತು. ಆಮೇಲೆ ಯಾರೋ ಬಂದು ತುಂಬಾ ತೆಳ್ಳಗಿದೆ ಅಂತಾರೆ, ಉರಿ ಜಾಸ್ತಿ ಮಾಡಿ ಕುದಿಸಿ ಕುದಿಸಿ 25 ಕೆಜಿಗೆ ಇಳಿಸ್ತಾರೆ. ನೀರು ಹೋಯ್ತು, ಉಪ್ಪು ಎಲ್ಲೂ ಹೋಗಲ್ಲ, 295 ಗ್ರಾಂ ಅಲ್ಲೇ ಇದೆ. ಈಗ ನೂರಕ್ಕೆ ಸುಮಾರು 1.2 ಭಾಗ, ಬಾಯಿಗಿಡಕ್ಕಾಗಲ್ಲ. ನೋಡಿ, ದೊಡ್ಡ ಅಡುಗೆಗೆ ಉಪ್ಪು ಕಮ್ಮಿ ಹಾಕ್ಬೇಕು ಅಂತ ಹೇಳೋರು ಬಹಳ ಜನ, ಆದ್ರೆ ನನ್ನ ಪ್ರಕಾರ ಆ ಮಾತು ಅರ್ಧ ನಿಜ. ತಯಾರಾದ ಸೂಪಿನ ತೂಕಕ್ಕೆ ಉಪ್ಪಿನ ಪಾಲು ಎಷ್ಟು ಜನಕ್ಕಾದ್ರೂ ಒಂದೇ, ತಪ್ಪೋದು ನಮ್ಮ ನೀರಿನ ಅಂದಾಜು.

ಹಾಗಾಗಿ ನೀರನ್ನ ಮೊದಲೇ 7 ಲೀಟರ್ ಕಮ್ಮಿ ಹಾಕಿ, ಪಕ್ಕದ ಒಲೆಯಲ್ಲಿ ಬಿಸಿನೀರು ಇಟ್ಕೊಳ್ಳಿ, ಗಟ್ಟಿ ಅನ್ಸಿದ್ರೆ ಸೇರಿಸ್ಬಹುದು. ಉಪ್ಪು ಶುರುವಲ್ಲಿ 160-170 ಗ್ರಾಂ ಸಾಕು. ಮಿಕ್ಕಿದ್ದನ್ನ ಹದ ಬಂದ ಮೇಲೆ, 20 ಗ್ರಾಂ 20 ಗ್ರಾಂ ಆಗಿ, ಪ್ರತಿ ಸಲ ತಳದಿಂದ ಚೆನ್ನಾಗಿ ತಿರುವಿ, ಒಂದೆರಡು ನಿಮಿಷ ಬಿಟ್ಟು ರುಚಿ ನೋಡಿ ಹಾಕಿ. ಮೇಲಿಂದ ಒಂದು ಚಮಚ ತೊಗೊಂಡು ನೋಡಿದ್ರೆ ಮೋಸ ಹೋಗ್ತೀರಿ, ಇಷ್ಟು ಆಳದಲ್ಲಿ ಉಪ್ಪು ಬೇಗ ಬೆರೆಯಲ್ಲ. ಇನ್ನೊಂದು, ಉಪ್ಪನ್ನ ತೂಕದಲ್ಲೇ ಅಳೀರಿ. ಚಮಚದಲ್ಲಿ ಕಲ್ಲುಪ್ಪು ಬೇರೆ ತೂಗುತ್ತೆ ಪುಡಿ ಉಪ್ಪು ಬೇರೆ ತೂಗುತ್ತೆ, ಒಂದು ಚಮಚದಲ್ಲಿ 1 ಗ್ರಾಂ ಹೆಚ್ಚುಕಮ್ಮಿ ಆದ್ರೆ ಗುಣಿಸೋವಾಗ ಅದೂ ಗುಣಿಸಿಕೊಂಡು ಬರುತ್ತೆ.

ಮಸಾಲೆ ವಿಷಯ ಸ್ವಲ್ಪ ಬೇರೆ. ಘಮ ಕೊಡೋ ಅಂಶಗಳು ಹಬೆ ಜೊತೆ ಹಾರಿಹೋಗೋವು. ಮನೆ ಪಾತ್ರೆಯಲ್ಲಿ ಸೂಪಿನ ಆಳ ನಾಲ್ಕೈದು ಸೆಂಟಿಮೀಟರ್, ದೊಡ್ಡದ್ರಲ್ಲಿ 18, ಅಂದ್ರೆ ಪ್ರತಿ ಲೀಟರಿಗೆ ಸಿಗೋ ಮೇಲ್ಮೈ ಕಮ್ಮಿ, ಹಾರಿಹೋಗೋದೂ ಕಮ್ಮಿ. ಇದರ ಜೊತೆಗೆ ಲವಂಗ, ಚಕ್ಕೆ, ಮೆಣಸು ಥರದ ಇಡೀ ಮಸಾಲೆಗಳು ಕುದಿಯೋ ಹೊತ್ತಲ್ಲಿ ಮಾತ್ರ ಅಲ್ಲ, ಬಡಿಸೋ ತನಕ ಬಿಸಿಯಲ್ಲಿ ನೆನೀತಾ ರಸ ಬಿಡ್ತಾನೇ ಇರ್ತವೆ. ಮನೇಲಿ ಒಲೆ ಆರಿಸಿ ಹತ್ತು ನಿಮಿಷಕ್ಕೆ ಊಟ, ಇಲ್ಲಿ ಒಂದೂವರೆ ಗಂಟೆ ಕಾಯ್ಬೇಕಾಗಬಹುದು. ಮನೇಲಿ 2 ಲವಂಗ ಅಂದ್ರೆ ಇಲ್ಲಿ 50 ಹಾಕಿದ್ರೆ ಕೊನೆಗೆ ನಾಲಿಗೆ ಜೋಮು ಹಿಡಿದು ಔಷಧಿ ಕುಡಿದ ಹಾಗಿರುತ್ತೆ. 25, ಹೆಚ್ಚಂದ್ರೆ 30 ಹಾಕಿ, ಅದೂ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಬಿಡಿ, ಘಮ ಸಾಕು ಅನ್ಸಿದಾಗ ಎತ್ತಿ ಹೊರಗೆ ಹಾಕ್ಬಹುದು. ಖಾರದಪುಡಿ ಗುಣಿಸಿದ ಲೆಕ್ಕದ ಅರ್ಧದಿಂದ ಮೂರನೇ ಎರಡು ಭಾಗ ಹಾಕಿ ಶುರು ಮಾಡಿ. ಖಾರ ಆವಿಯಾಗಿ ಹೋಗಲ್ಲ, ಎಣ್ಣೆಗೆ ಇಳಿದು ಹೊತ್ತು ಹೋದಂಗೆ ಎಲ್ಲಾ ಕಡೆ ಹರಡುತ್ತೆ, ಹಾಕಿದ ಮೇಲೆ ತೆಗೆಯೋಕೂ ಬರಲ್ಲ. ಜೀರಿಗೆ ಥರ ಸೌಮ್ಯವಾದವು ಮುಕ್ಕಾಲು ಪಾಲು ನಡೆಯುತ್ತೆ. ಇವೆಲ್ಲ ಅನುಭವದ ಅಂದಾಜುಗಳು, ಪಾತ್ರೆ ಬದಲಾದ್ರೆ ಇವೂ ಬದಲಾಗ್ತವೆ.

ಎಣ್ಣೆ ಬಗ್ಗೆ ಬೇಗ ಹೇಳಿಬಿಡ್ತೀನಿ. ಎಣ್ಣೆಯ ಮುಖ್ಯ ಕೆಲಸ ತಳ ಮುಚ್ಚೋದು, ತಳ 6 ಪಟ್ಟು ದೊಡ್ಡದು, ಆದ್ರಿಂದ 25 ಪಟ್ಟು ಹಾಕಿದ್ರೆ ಮೇಲೆ ತೇಲುತ್ತೆ, ಅದರ ಮೂರನೇ ಒಂದು ಭಾಗದಿಂದ ಅರ್ಧ ಸಾಕು. ಆದ್ರೆ ಎರಡೂವರೆ ಕೆಜಿ ಈರುಳ್ಳಿನ ಒಟ್ಟಿಗೆ ಸುರಿಬೇಡಿ. ಪದರ ನಾಲ್ಕು ಪಟ್ಟು ದಪ್ಪ ಆಗುತ್ತೆ, ಈರುಳ್ಳಿ ತನ್ನ ನೀರಲ್ಲೇ ಬೆಂದು ಮೆತ್ತಗಾಗುತ್ತೆ, ಕೆಂಪಗಾಗೋಕೆ ಗಂಟೆಗಟ್ಟಲೆ ಬೇಕು. ಚುಯ್ ಅನ್ನೋ ಸದ್ದು ನಿಂತು ಬುಳುಬುಳು ಅಂತ ಕೇಳಿಸಿದ್ರೆ ಅದು ಹುರಿತಾ ಇಲ್ಲ, ಬೇಯ್ತಾ ಇದೆ ಅಂತ ಅರ್ಥ. ನಾಲ್ಕು ಸಲ ಮಾಡಿ ಹುರೀರಿ.

ಇನ್ನು ಟೈಮ್. ಆಹಾರ 25 ಪಟ್ಟು, ಆದ್ರೆ ದೊಡ್ಡ ಒಲೆ ಕೊಡೋ ಶಾಖ ಮನೆ ಒಲೆಗಿಂತ ನಾಲ್ಕೈದು ಪಟ್ಟು ಇದ್ದೀತು ಅಷ್ಟೇ. ಮನೇಲಿ 6-7 ನಿಮಿಷಕ್ಕೆ ಕುದಿ ಬರೋದು ಇಲ್ಲಿ ಅರ್ಧ ಮುಕ್ಕಾಲು ಗಂಟೆ ತೊಗೊಳ್ಳುತ್ತೆ. ಕುದಿ ಬಂದ ಮೇಲೆ ಮಾತ್ರ ಹೆಚ್ಚು ವ್ಯತ್ಯಾಸ ಇಲ್ಲ, ಯಾಕಂದ್ರೆ ಬೇಳೆ ಕಾಳಿನ ಗಾತ್ರ ಅಷ್ಟೇ ಇದೆ, ಮಸೂರ್ 20 ನಿಮಿಷಕ್ಕೆ ಬೇಯುತ್ತೆ, 100 ಜನಕ್ಕಾದ್ರೂ ಅಷ್ಟೇ. ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಿ. ಹಾಗಂತ ಬೇಗ ಕುದಿ ಬರಲಿ ಅಂತ ಉರಿ ಪೂರ್ತಿ ಜೋರು ಮಾಡಿ ಬಿಟ್ಟು ಹೋದ್ರೆ ಬೇಳೆ ಕೆಳಗೆ ಕೂತು ತಳ ಹಿಡಿಯುತ್ತೆ. ಸೌಟು ತಳದಲ್ಲಿ ಜಾರದೆ ತಡೀತು ಅಂದ್ರೆ ಎಚ್ಚರ, ಸೀದ ವಾಸನೆ ಬಂದೇಬಿಟ್ರೆ ಕೆರೆಯೋಕೆ ಹೋಗ್ಬೇಡಿ, ಮೇಲಿಂದ ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ.

ಒಲೆ ಆರಿಸಿದ್ರೂ 25 ಕೆಜಿ ಬೇಗ ತಣ್ಣಗಾಗಲ್ಲ, ಒಳಗೆ ಬೇಯ್ತಾನೇ ಇರುತ್ತೆ, ಬೇಳೆ ಇನ್ನೂ ಗಟ್ಟಿಯಾಗುತ್ತೆ. ಅದಕ್ಕೆ ಬೇಕಾದ್ದಕ್ಕಿಂತ ಸ್ವಲ್ಪ ತೆಳ್ಳಗಿರುವಾಗಲೇ ಇಳಿಸಿ, ಬಡಿಸೋ ತನಕ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬಿಸಿ ಇರಲಿ. ಮಿಕ್ಕಿದ್ದನ್ನ ಅದೇ ದೊಡ್ಡ ಪಾತ್ರೆಯಲ್ಲಿ ರಾತ್ರಿ ಇಟ್ರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇದ್ದು ಬ್ಯಾಕ್ಟೀರಿಯಾ ಬೆಳೆಯುತ್ತೆ, ವಾಸನೆ ನೋಡಿದ್ರೆ ಗೊತ್ತೂ ಆಗಲ್ಲ. 5 ಸೆಂಟಿಮೀಟರಿಗಿಂತ ಆಳ ಇಲ್ಲದ ಅಗಲವಾದ ಟ್ರೇಗಳಿಗೆ ಹರಡಿ, ಎರಡು ಗಂಟೆಯೊಳಗೆ 21 ಡಿಗ್ರಿಗೆ ಇಳಿಸಿ, ಆಮೇಲೆ ಫ್ರಿಜ್ಜಲ್ಲಿಡಿ.

ನಮಸ್ಕಾರ.