ನಾಳೆ ಬೆಳಿಗ್ಗೆ ತಂಡಕ್ಕೆ ಏನು ಹೇಳಬೇಕು? ದಿಢೀರ್ ಪುನರ್‌ರಚನೆ ಮತ್ತು ಟೀಮ್ ಲೀಡ್‌ನ ಮಾತು

ನಮಸ್ಕಾರ. ಇಂದಿನ ವಿಷಯ ವೀಕ್ಷಕರೊಬ್ಬರು ಕಳುಹಿಸಿದ ಪ್ರಶ್ನೆ. ಅವರು ಒಂಬತ್ತು ಜನರ ತಂಡಕ್ಕೆ ಟೀಮ್ ಲೀಡ್. ಮಂಗಳವಾರ ಸಂಜೆ ಅವರ ಮ್ಯಾನೇಜರ್ ಕರೆ ಮಾಡಿ, ವಿಭಾಗದ ಪುನರ್‌ರಚನೆ ಆಗಲಿದೆ, ಐವರು ಬೇರೊಂದು ವಿಭಾಗಕ್ಕೆ ಹೋಗುತ್ತಾರೆ, ಮೂವರು ಇಲ್ಲೇ ಉಳಿಯುತ್ತಾರೆ, ಒಬ್ಬರ ಹುದ್ದೆಯ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲ, ಬುಧವಾರ ಹನ್ನೊಂದು ಗಂಟೆಗೆ ತಂಡಕ್ಕೆ ತಿಳಿಸಿಬಿಡಿ ಎಂದು ಹೇಳಿದರಂತೆ. ಅವರ ಪ್ರಶ್ನೆ ಇಷ್ಟೇ: "ಜನರನ್ನು ಹೆದರಿಸಲೂ ಬಾರದು, ಸುಳ್ಳು ಹೇಳಲೂ ಬಾರದು. ಹಾಗಾದರೆ ಏನು ಹೇಳಲಿ?"

ಶಾಂತವಾಗಿ ಮಾತನಾಡಿ, ಗೌರವದಿಂದ ಮಾತನಾಡಿ, ಪ್ರಶ್ನೆಗಳಿಗೆ ಸಮಯ ಕೊಡಿ ಎಂಬ ಸಲಹೆಗಳೆಲ್ಲ ನಿಮಗೆ ಗೊತ್ತಿರುವಂಥವೇ ಆದ್ದರಿಂದ ಅವುಗಳನ್ನು ದಾಟಿ ಮುಂದೆ ಹೋಗುತ್ತೇನೆ. ನನ್ನನ್ನು ಹಿಡಿದು ನಿಲ್ಲಿಸಿದ ಪ್ರಶ್ನೆ ಬೇರೆ. ಇಂಥ ಸಂದರ್ಭದಲ್ಲಿ ಜನರು ನಿಜವಾಗಿ ಹೆದರುವುದು ಯಾವುದಕ್ಕೆ? ಕೆಟ್ಟ ಸುದ್ದಿಗೋ, ಅಥವಾ ಸುದ್ದಿ ಏನೆಂದು ತಿಳಿಯದಿರುವುದಕ್ಕೋ?

[ಪರದೆಯ ಮೇಲೆ: ಕಲ್ಲಿನ ಕೆಳಗೆ ಹಾವು ಇದೆಯೇ?]

ಇದಕ್ಕೆ ಉತ್ತರ ಹುಡುಕಲು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಮಾಡಿದ ಒಂದು ಪ್ರಯೋಗ ನನಗೆ ಬಹಳ ಪ್ರಿಯವಾದದ್ದು. ಅದು 2016ರಲ್ಲಿ ಪ್ರಕಟವಾಯಿತು. 45 ಸ್ವಯಂಸೇವಕರನ್ನು ಕಂಪ್ಯೂಟರ್ ಆಟವೊಂದರ ಮುಂದೆ ಕೂರಿಸಿ, ಪರದೆಯ ಮೇಲಿನ ಕಲ್ಲುಗಳ ಕೆಳಗೆ ಹಾವು ಇದೆಯೋ ಇಲ್ಲವೋ ಎಂದು ಊಹಿಸಲು ಹೇಳಿದರು. ಹಾವು ಕಾಣಿಸಿಕೊಂಡಾಗಲೆಲ್ಲ ಅವರ ಕೈಗೆ ನೋವಾಗುವಂಥ ವಿದ್ಯುತ್ ಶಾಕ್ ಕೊಡಲಾಗುತ್ತಿತ್ತು. ಯಾವ ಕಲ್ಲಿನ ಕೆಳಗೆ ಹಾವು ಸಿಗುವ ಸಾಧ್ಯತೆ ಎಷ್ಟು ಎಂಬುದು ಆಟದುದ್ದಕ್ಕೂ ಬದಲಾಗುತ್ತಿದ್ದುದರಿಂದ ಆಡುವವರು ಕಲಿತದ್ದನ್ನು ಮತ್ತೆ ಮತ್ತೆ ತಿದ್ದಿಕೊಳ್ಳಬೇಕಿತ್ತು. ಈ ನಡುವೆ ಸಂಶೋಧಕರು ಅವರ ಕಣ್ಣಿನ ಪಾಪೆ ಎಷ್ಟು ಹಿಗ್ಗುತ್ತದೆ, ಚರ್ಮ ಎಷ್ಟು ಬೆವರುತ್ತದೆ ಎಂದು ಅಳೆಯುತ್ತಿದ್ದರು; ಎಷ್ಟು ಒತ್ತಡವಾಗುತ್ತಿದೆ ಎಂದು ಅವರನ್ನೇ ಕೇಳುತ್ತಲೂ ಇದ್ದರು.

ಶಾಕ್ ಬಂದೇ ಬರುತ್ತದೆ ಎಂದು ಖಚಿತವಾಗಿದ್ದಾಗಲೇ ಒತ್ತಡ ಅತಿ ಹೆಚ್ಚು ಎಂದು ನಾವು ಊಹಿಸುತ್ತೇವೆ. ಆದರೆ ಒತ್ತಡ ತುತ್ತತುದಿಗೆ ಏರಿದ್ದು ಶಾಕ್ ಬರುವ ಸಾಧ್ಯತೆ ಶೇಕಡ 50 ಇದ್ದಾಗ. ಬರುವುದು ಖಚಿತವಾಗಿದ್ದಾಗ ಅದು ಇಳಿಯಿತು. ಅಂದರೆ, ನೋವು ನಿಶ್ಚಿತ ಎಂದು ತಿಳಿದವರಿಗಿಂತ, ನೋವು ಬಂದರೂ ಬರಬಹುದು ಬಾರದಿದ್ದರೂ ಇರಬಹುದು ಎಂಬ ಅನುಮಾನದಲ್ಲಿದ್ದವರೇ ಹೆಚ್ಚು ಬೆವರಿದರು. ಕೈಗೆ ಕೊಡುವ ಶಾಕ್ ಬೇರೆ, ಕೆಲಸದ ಚಿಂತೆ ಬೇರೆ ಎಂಬುದನ್ನು ನಾನು ಒಪ್ಪುತ್ತೇನೆ. ಪ್ರಯೋಗಾಲಯದ ಫಲಿತಾಂಶವನ್ನು ಹಾಗೆಯೇ ಕಚೇರಿಗೆ ತಂದು ಹೊಂದಿಸಲಾಗದು. ಆದರೂ ಸಭೆಗೆ ಮುಂಚಿನ ಆ ಹದಿನೈದು ನಿಮಿಷ ತಂಡದ ಒಂಬತ್ತು ಜನರೂ ಯಾವ ಸ್ಥಿತಿಯಲ್ಲಿ ಕುಳಿತಿರುತ್ತಾರೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಚಿತ್ರವನ್ನು ನಾನು ಕಂಡಿಲ್ಲ.

ಕೆಲಸದ ಜಾಗದಲ್ಲೇ ನಡೆದ ಅಧ್ಯಯನವೂ ಒಂದಿದೆ. ಡೇವಿಡ್ ಶ್ವೈಗರ್ ಮತ್ತು ಆಂಜೆಲೊ ಡೆನಿಸಿ 1991ರಲ್ಲಿ ಪ್ರಕಟಿಸಿದ ಈ ಅಧ್ಯಯನವು ಕಂಪನಿಗಳ ವಿಲೀನದ ಸಮಯದಲ್ಲಿ ಎರಡು ಕಾರ್ಖಾನೆಗಳನ್ನು ಹೋಲಿಸಿತು. ಒಂದರಲ್ಲಿ ಆಡಳಿತವು ಸಾಮಾನ್ಯವಾಗಿ ಹೇಳುವಷ್ಟನ್ನು ಮಾತ್ರ ಹೇಳಿತು. ಇನ್ನೊಂದರಲ್ಲಿ ಸುದ್ದಿಪತ್ರ, ಪ್ರಶ್ನೆ ಕೇಳಲು ದೂರವಾಣಿ ಸಂಖ್ಯೆ, ವಾರವಾರ ಸಭೆ ಎಂದು ನಿರಂತರವಾಗಿ ವಾಸ್ತವ ಮಾಹಿತಿ ಕೊಟ್ಟರು. ಸುದ್ದಿ ಹೊರಬಿದ್ದ ಕೂಡಲೇ ಎರಡೂ ಕಡೆ ಒತ್ತಡ ಮತ್ತು ಅನಿಶ್ಚಿತತೆ ಹೆಚ್ಚಿದವು. ಮಾಹಿತಿ ಸಿಕ್ಕವರೂ ಹೆದರಿದರು ಎಂಬ ಈ ಭಾಗವನ್ನು ಹೆಚ್ಚಿನವರು ಮರೆತುಬಿಡುತ್ತಾರೆ. ವ್ಯತ್ಯಾಸ ಕಂಡದ್ದು ನಂತರದ ವಾರಗಳಲ್ಲಿ: ಮಾಹಿತಿ ಸಿಗುತ್ತಿದ್ದ ಕಾರ್ಖಾನೆಯಲ್ಲಿ ಪರಿಸ್ಥಿತಿ ಸ್ಥಿರಗೊಂಡಿತು, ಇನ್ನೊಂದರಲ್ಲಿ ಹದಗೆಡುತ್ತಲೇ ಹೋಯಿತು. ಆದ್ದರಿಂದ ನಮ್ಮ ಟೀಮ್ ಲೀಡ್, ಬುಧವಾರದ ಸಭೆ ಮುಗಿಯುವ ಹೊತ್ತಿಗೆ ಎಲ್ಲರ ಮುಖದಲ್ಲೂ ನೆಮ್ಮದಿ ಕಾಣಬೇಕು ಎಂಬ ಗುರಿಯನ್ನು ಇಟ್ಟುಕೊಳ್ಳಬಾರದು. ಆ ಗುರಿಯೇ ಅವರಿಂದ ಸುಳ್ಳು ಹೇಳಿಸುತ್ತದೆ.

[ಪರದೆಯ ಮೇಲೆ: ಮೊದಲ ಕರಡು]

ಈಗ ಮಾತಿಗೇ ಬರೋಣ. ಅವಸರದಲ್ಲಿ ಬರೆದ ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ: "ನಮ್ಮ ಸಂಸ್ಥೆ ಹೊಸ ಹಂತಕ್ಕೆ ಕಾಲಿಡುತ್ತಿದೆ. ಗ್ರಾಹಕರಿಗೆ ಇನ್ನಷ್ಟು ಹತ್ತಿರವಾಗಲು ಕೆಲವು ಬದಲಾವಣೆಗಳನ್ನು ಮಾಡಲಾಗುತ್ತಿದೆ. ನಿಮ್ಮಲ್ಲಿ ಹೆಚ್ಚಿನವರಿಗೆ ಏನೂ ಬದಲಾಗುವುದಿಲ್ಲ. ಯಾರೂ ಚಿಂತಿಸಬೇಕಾಗಿಲ್ಲ."

ಇದರಲ್ಲಿ ಮೂರು ತೊಂದರೆಗಳಿವೆ. ಸುದ್ದಿ ಯಾವುದೆಂಬುದು ಮೊದಲ ಎರಡು ವಾಕ್ಯ ಮುಗಿದರೂ ತಿಳಿಯುವುದಿಲ್ಲ. ಇದೇ ತೊಂದರೆಯ ದೊಡ್ಡ ರೂಪವೊಂದು 2014ರ ಜುಲೈನಲ್ಲಿ ಕಾಣಿಸಿತು: ಮೈಕ್ರೋಸಾಫ್ಟ್‌ನ ಸ್ಟೀಫನ್ ಎಲೊಪ್ ತಮ್ಮ ವಿಭಾಗದ ನೌಕರರಿಗೆ ಬರೆದ ಪತ್ರದಲ್ಲಿ ಸುಮಾರು 12,500 ಹುದ್ದೆಗಳು ಹೋಗಲಿವೆ ಎಂಬ ವಿಷಯ, ಫೋನ್‌ಗಳ ಕುರಿತ ಕಾರ್ಯತಂತ್ರದ ಸುಮಾರು ಹತ್ತು ಪ್ಯಾರಾಗಳನ್ನು ದಾಟಿದ ಮೇಲೆ ಬಂದಿತ್ತು. ಓದುವವರು ಆ ಹತ್ತು ಪ್ಯಾರಾಗಳುದ್ದಕ್ಕೂ ಶೇಕಡ 50ರ ಅನುಮಾನದಲ್ಲೇ ಇದ್ದರು ಎಂದು ಯೋಚಿಸಿದರೆ ನನಗೆ ಈಗಲೂ ಸಂಕಟವಾಗುತ್ತದೆ. ಎರಡನೆಯದಾಗಿ, "ಹೆಚ್ಚಿನವರಿಗೆ" ಎಂದ ಕೂಡಲೇ ಉಳಿದವರು ಯಾರು ಎಂಬ ಲೆಕ್ಕ ಒಂಬತ್ತು ತಲೆಗಳಲ್ಲೂ ಶುರುವಾಗುತ್ತದೆ. ಮೂರನೆಯದಾಗಿ, ಚಿಂತೆ ಬೇಡ ಎಂಬ ಭರವಸೆಯನ್ನು ಕೊಡುವ ಅಧಿಕಾರ ಟೀಮ್ ಲೀಡ್‌ಗೆ ಇಲ್ಲ. ಹುದ್ದೆಗಳ ತೀರ್ಮಾನ ಅವರ ಕೈಯಲ್ಲಿಲ್ಲ. ಮುಂದೆ ಒಬ್ಬರ ಹುದ್ದೆ ಹೋದರೂ ಸಾಕು, ಅಂದು ಹೇಳಿದ ನಿಜಗಳನ್ನೂ ಯಾರೂ ನಂಬುವುದಿಲ್ಲ.

[ಪರದೆಯ ಮೇಲೆ: ತಿದ್ದಿದ ಕರಡು]

ತಿದ್ದಿದ ಕರಡು ಹೀಗಿದೆ: "ನಮ್ಮ ತಂಡ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಎರಡಾಗುತ್ತದೆ. ಇದು ಅಂತಿಮ ತೀರ್ಮಾನ. ನನಗೆ ತಿಳಿದದ್ದು ನಿನ್ನೆ ಸಂಜೆ. ಐವರು ಹೊಸ ವಿಭಾಗಕ್ಕೆ ಹೋಗುತ್ತಾರೆ, ಮೂವರು ನನ್ನ ಜೊತೆಯಲ್ಲೇ ಇರುತ್ತಾರೆ, ಒಬ್ಬರ ಜವಾಬ್ದಾರಿ ಇನ್ನೂ ನಿರ್ಧಾರವಾಗಿಲ್ಲ. ಆ ಒಬ್ಬರು ಯಾರೆಂದು ಅವರಿಗೆ ಗೊತ್ತಿದೆ, ಇಂದು ಬೆಳಿಗ್ಗೆ ಅವರೊಡನೆ ಮಾತನಾಡಿದ್ದೇನೆ. ಉಳಿದ ಎಂಟು ಜನರ ಹುದ್ದೆ ಮತ್ತು ಸಂಬಳದಲ್ಲಿ ಈ ಪುನರ್‌ರಚನೆಯಿಂದ ಬದಲಾವಣೆ ಇಲ್ಲ ಎಂದು ನನಗೆ ಲಿಖಿತವಾಗಿ ತಿಳಿಸಿದ್ದಾರೆ. ಇದಾದ ಮೇಲೆ ಇನ್ನೊಂದು ಬದಲಾವಣೆ ಬರುವುದೇ ಇಲ್ಲ ಎಂದು ನಾನು ಮಾತು ಕೊಡಲಾರೆ. ಶುಕ್ರವಾರ ಮೂರು ಗಂಟೆಗೆ ಮತ್ತೆ ಸೇರೋಣ."

ಇಲ್ಲಿ ಸುದ್ದಿ ಮೊದಲ ವಾಕ್ಯದಲ್ಲೇ ಇದೆ. ಸಂಬಳದ ಬಗ್ಗೆ ಹೇಳುವಾಗ "ನನಗೆ ಲಿಖಿತವಾಗಿ ತಿಳಿಸಿದ್ದಾರೆ" ಎಂಬ ಮೂರು ಪದಗಳು ಅಲಂಕಾರಕ್ಕೆ ಬಂದಿಲ್ಲ. ಮಂಗಳವಾರ ರಾತ್ರಿಯೇ ಮ್ಯಾನೇಜರ್‌ಗೆ ಒಂದು ಇಮೇಲ್ ಕಳುಹಿಸಿ, ಹುದ್ದೆ, ಸಂಬಳ, ಕೆಲಸದ ಸ್ಥಳ, ಯಾರ ಕೈಕೆಳಗೆ ಕೆಲಸ ಎಂಬ ನಾಲ್ಕು ವಿಷಯಗಳಿಗೆ ಉತ್ತರ ತರಿಸಿಕೊಂಡರೆ ಮಾತ್ರ ಆ ವಾಕ್ಯವನ್ನು ಹೇಳಬಹುದು. ಉತ್ತರ ಬಾರದಿದ್ದರೆ ಆ ವಾಕ್ಯವನ್ನು ಕೈಬಿಡಬೇಕು.

ನನ್ನ ಪ್ರಕಾರ ಈ ಸಭೆಯ ಅತ್ಯಂತ ಕಠಿಣ ಭಾಗ ಪ್ರಶ್ನೋತ್ತರ. ಟೀಮ್ ಲೀಡ್‌ಗಳು ಎಲ್ಲ ಕಷ್ಟದ ಪ್ರಶ್ನೆಗಳಿಗೂ "ಸದ್ಯಕ್ಕೆ ಏನೂ ಹೇಳಲು ಆಗುವುದಿಲ್ಲ" ಎಂಬ ಒಂದೇ ಉತ್ತರ ಕೊಟ್ಟುಬಿಡುತ್ತಾರೆ. ಆದರೆ ಆ ಒಂದು ಉತ್ತರದ ಹಿಂದೆ ಮೂರು ಬೇರೆ ಬೇರೆ ಪರಿಸ್ಥಿತಿಗಳು ಅಡಗಿರುತ್ತವೆ. "ಹೊಸ ವಿಭಾಗದಲ್ಲಿ ನಮ್ಮ ಮ್ಯಾನೇಜರ್ ಯಾರು?" ಎಂದು ಒಬ್ಬರು ಕೇಳುತ್ತಾರೆ ಎನ್ನಿ. ಅದು ತೀರ್ಮಾನವಾಗಿದ್ದು ಟೀಮ್ ಲೀಡ್‌ಗೆ ಮಾತ್ರ ತಿಳಿದಿಲ್ಲವಾದರೆ ಉತ್ತರ ಹೀಗಿರಬೇಕು: "ಅದು ತೀರ್ಮಾನವಾಗಿದೆ, ನನಗೆ ತಿಳಿದಿಲ್ಲ, ಸಂಜೆಯೊಳಗೆ ಕೇಳಿ ಹೇಳುತ್ತೇನೆ." ಯಾರೂ ಇನ್ನೂ ತೀರ್ಮಾನಿಸಿಲ್ಲವಾದರೆ: "ಅದು ಇನ್ನೂ ತೀರ್ಮಾನವಾಗಿಲ್ಲ. ತೀರ್ಮಾನಿಸುವವರು ವಿಭಾಗದ ಮುಖ್ಯಸ್ಥರು, ಅವರು ಈ ತಿಂಗಳ ಕೊನೆಯೊಳಗೆ ಎಂದಿದ್ದಾರೆ." ಗೊತ್ತಿದ್ದೂ ಹೇಳುವ ಅನುಮತಿ ಇಲ್ಲವಾದರೆ: "ಅದು ನನಗೆ ಗೊತ್ತಿದೆ, ಆದರೆ ಹೇಳುವ ಅನುಮತಿ ಇಲ್ಲ, ಗೊತ್ತಿಲ್ಲ ಎಂದು ನಾನು ನಟಿಸುವುದಿಲ್ಲ."

ಮೂರನೆಯ ಉತ್ತರ ಕೊಡಲು ಬಹಳ ಜನ ಹಿಂಜರಿಯುತ್ತಾರೆ, ಏಕೆಂದರೆ ಅದು ಹೊಸ ಅನುಮಾನ ಹುಟ್ಟಿಸುತ್ತದೆ ಎಂಬ ಭಯ. ಹುಟ್ಟಿಸುತ್ತದೆ, ನಿಜ. ಆದರೆ ಎರಡು ವಾರದ ನಂತರ "ಇವರಿಗೆ ಅಂದೇ ಗೊತ್ತಿತ್ತು" ಎಂದು ತಂಡಕ್ಕೆ ತಿಳಿದಾಗ ಆಗುವ ಹಾನಿಯ ಮುಂದೆ ಅದು ಸಣ್ಣದು. ಇಲ್ಲಿ ಒಂದು ಎಚ್ಚರ ಅಗತ್ಯ: ಒಬ್ಬ ವ್ಯಕ್ತಿಯ ಕುರಿತ ಪ್ರಶ್ನೆಗೆ ಈ ಉತ್ತರವನ್ನು ಎಲ್ಲರೆದುರು ಕೊಡಬಾರದು. "ಆ ಒಬ್ಬರ ಕೆಲಸ ಹೋಗುತ್ತದೆಯೇ?" ಎಂದು ಯಾರಾದರೂ ಕೇಳಿದರೆ, ಗೊತ್ತಿರಲಿ ಇಲ್ಲದಿರಲಿ, "ಒಬ್ಬರ ವಿಷಯವನ್ನು ಅವರೊಡನೆ ಮಾತ್ರ ಮಾತನಾಡುತ್ತೇನೆ, ನಿಮ್ಮ ವಿಷಯಕ್ಕೂ ಇದೇ ನಿಯಮ" ಎಂದಷ್ಟೇ ಹೇಳಬೇಕು.

ಆ ಒಂಬತ್ತನೆಯ ವ್ಯಕ್ತಿಯ ಬಗ್ಗೆ ಇನ್ನೊಂದು ಮಾತು. ಅವರೊಡನೆ ಹತ್ತು ಗಂಟೆಗೇ ಪ್ರತ್ಯೇಕವಾಗಿ ಕುಳಿತು ಮಾತನಾಡಬೇಕು, ಏಕೆಂದರೆ ತಮ್ಮ ಸ್ಥಿತಿ ಅವರಿಗೆ ಎಲ್ಲರೆದುರು ತಿಳಿಯಬಾರದು. ಹಿಂದಿನ ರಾತ್ರಿಯೇ ಹೇಳುವುದು ಉದಾರವೆನಿಸಿದರೂ, ಇಡೀ ರಾತ್ರಿ ಒಂಟಿಯಾಗಿ, ಯಾರಿಗೂ ಹೇಳಲಾಗದೆ, ಯಾರನ್ನೂ ಕೇಳಲಾಗದೆ ಇರುವಂತೆ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಈ ಮಾತುಕತೆಯಲ್ಲಿ ನಾಲ್ಕು ವಿಷಯ ಸ್ಪಷ್ಟವಾಗಿರಬೇಕು: ತೀರ್ಮಾನ ಯಾರ ಕೈಯಲ್ಲಿದೆ, ಯಾವಾಗ ಬರುತ್ತದೆ, ಯಾವ ಯಾವ ಸಾಧ್ಯತೆಗಳಿವೆ, ಮತ್ತು ಅಲ್ಲಿಯವರೆಗೆ ಅವರ ದಿನನಿತ್ಯದ ಕೆಲಸ ಏನು. ತಂಡದ ಸಭೆಗೆ ಬರಬೇಕೋ ಬೇಡವೋ ಎಂಬ ಆಯ್ಕೆಯನ್ನೂ, "ಒಬ್ಬರ ಜವಾಬ್ದಾರಿ ನಿರ್ಧಾರವಾಗಿಲ್ಲ" ಎಂಬ ವಾಕ್ಯವನ್ನು ಹೇಳಬಹುದೋ ಇಲ್ಲವೋ ಎಂಬ ಆಯ್ಕೆಯನ್ನೂ ಅವರಿಗೇ ಬಿಡಬೇಕು. ಅವರು ಬೇಡವೆಂದರೆ ಕರಡಿನಲ್ಲಿ ಎಂಟು ಜನರ ಲೆಕ್ಕ ಹಾಗೆಯೇ ಉಳಿಯುವುದರಿಂದ ಯಾರಾದರೂ ಎಣಿಸಿಯೇ ಎಣಿಸುತ್ತಾರೆ. ಆದ್ದರಿಂದ ಆಗ ಸಂಖ್ಯೆಗಳನ್ನೆಲ್ಲ ಬಿಟ್ಟು, "ಪ್ರತಿಯೊಬ್ಬರಿಗೂ ಅವರವರ ವಿವರವನ್ನು ಇಂದು ಒಂದು ಗಂಟೆಯೊಳಗೆ ಪ್ರತ್ಯೇಕವಾಗಿ ಹೇಳುತ್ತೇನೆ" ಎಂದು ಬದಲಿಸಿ, ಹೇಳಿದ ಹೊತ್ತಿಗೆ ಮುಗಿಸಬೇಕು.

ಸಮಯ ಮುಗಿಯುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಸಭೆ ಮುಗಿದ ಅರ್ಧ ಗಂಟೆಯೊಳಗೆ ಅದೇ ಮಾತುಗಳನ್ನು ಲಿಖಿತವಾಗಿ ಕಳುಹಿಸಿ, ಏಕೆಂದರೆ ಆತಂಕದಲ್ಲಿ ಕೇಳಿದ ಮಾತು ಒಬ್ಬೊಬ್ಬರಿಗೆ ಒಂದೊಂದು ರೀತಿ ನೆನಪಿರುತ್ತದೆ. ರಜೆಯಲ್ಲಿರುವವರಿಗೆ ಫೋನ್ ಮಾಡಿ, ಗುಂಪಿನ ಸಂದೇಶದಿಂದ ಅವರಿಗೆ ಸುದ್ದಿ ತಿಳಿಯದಿರಲಿ. ಉತ್ತರ ಸಿಗದ ಪ್ರಶ್ನೆಗಳನ್ನೆಲ್ಲ ಎಲ್ಲರಿಗೂ ಕಾಣುವ ಒಂದು ಪಟ್ಟಿಯಲ್ಲಿ ಬರೆದು, ಪ್ರತಿ ಪ್ರಶ್ನೆಯ ಎದುರು ಉತ್ತರ ತರುವವರ ಹೆಸರು ಮತ್ತು ದಿನಾಂಕ ಹಾಕಿ. ಸಭೆಯಲ್ಲಿ ಯಾರೂ ಏನೂ ಕೇಳದಿದ್ದರೆ ಎಲ್ಲರಿಗೂ ಸಮಾಧಾನವಾಗಿದೆ ಎಂದು ತಿಳಿಯಬೇಡಿ. ಪ್ರಶ್ನೆಗಳು ಬೇರೆಡೆ ನಡೆಯುತ್ತಿವೆ ಎಂದೇ ಅದರ ಅರ್ಥ, ಹಾಗಾಗಿ ಮಧ್ಯಾಹ್ನ ಒಬ್ಬೊಬ್ಬರ ಬಳಿ ಹೋಗಿ ಕೇಳಿ.

ಶುಕ್ರವಾರದ ಸಭೆಯನ್ನು ಮಾತ್ರ ಯಾವ ಕಾರಣಕ್ಕೂ ರದ್ದು ಮಾಡಬೇಡಿ. ಮೇಲಿನಿಂದ ಹೊಸ ಮಾಹಿತಿ ಏನೂ ಬಂದಿಲ್ಲವಾದರೆ ಐದೇ ನಿಮಿಷದ ಸಭೆ ಸಾಕು: ಬುಧವಾರದ ಪಟ್ಟಿಯನ್ನು ತೆರೆದು, ಯಾವ ಪ್ರಶ್ನೆಗೆ ಉತ್ತರ ಬಂದಿದೆ, ಯಾವುದಕ್ಕೆ ಬಂದಿಲ್ಲ, ಬಾರದ ಉತ್ತರಕ್ಕಾಗಿ ಯಾರನ್ನು ಯಾವಾಗ ಕೇಳಿದ್ದೀರಿ ಎಂದು ಓದಿ ಹೇಳಿ, ಮುಂದಿನ ಸಭೆಯ ದಿನವನ್ನು ಗೊತ್ತುಮಾಡಿ.